ಕಿವಿಯಲ್ಲಿ ಮಳೆ, ಕಣ್ಣಿಗಿಲ್ಲ ನಿದ್ದೆ

ರಾತ್ರಿ ಹತ್ತೂಕಾಲಿಗೆ ಅಮೆರಿಕದ ಟೀಮ್ ಜತೆಗಿನ ಕಾಲ್ ಮುಗಿಯುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಉಳಿದ ಅನ್ನ ಸಾರು ತಿಂದು, ಹನ್ನೊಂದಕ್ಕೆ ಮಲಗುತ್ತಿದ್ದೆ. ಮಲಗುತ್ತಿದ್ದೆ ಅಷ್ಟೇ, ನಿದ್ದೆ ಬರುತ್ತಿರಲಿಲ್ಲ. ಫ್ಯಾನ್ ನೋಡುತ್ತಾ ಹನ್ನೆರಡು, ಒಂದು. ಬೆಳಗ್ಗೆ ಏಳಕ್ಕೆ ಅಲಾರಂ ಹೊಡೆದಾಗ ಮೈಯೆಲ್ಲ ಜಜ್ಜಿದ ಹಾಗೆ. ಮೂವತ್ತು ದಾಟುವ ಮೊದಲೇ ಈ ಗತಿಯಾ ಅನಿಸುತ್ತಿತ್ತು.

ಇಂಜಿನಿಯರ್ ಆದವನು ಏನು ಮಾಡ್ತಾನೆ? ಆ್ಯಪ್ ಹಾಕಿಕೊಳ್ತಾನೆ. ನಾನು ಮೂರು ಹಾಕಿಕೊಂಡೆ. ಒಂದರಲ್ಲಿ 'ಡೆಲ್ಟಾ ಬೈನಾರಲ್ ಬೀಟ್ಸ್', ಇನ್ನೊಂದರಲ್ಲಿ ನಿದ್ದೆಯ ಸ್ಕೋರ್, ಮತ್ತೊಂದರಲ್ಲಿ ಮೆತ್ತಗಿನ ದನಿಯಲ್ಲಿ ಧ್ಯಾನ ಹೇಳಿಕೊಡುವ ರೆಕಾರ್ಡಿಂಗ್. ಒಂದೂವರೆ ವರ್ಷ ಇವುಗಳ ಜತೆ ಮಲಗಿದ ಮೇಲೆ ಯಾವುದು ಎಷ್ಟು ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದು ಸ್ವಲ್ಪ ಗೊತ್ತಾಗಿದೆ. ಅದರಲ್ಲೊಂದು ತಪ್ಪು ನನ್ನದಲ್ಲ, ಅಪ್ಪನ ಆರೋಗ್ಯದ ಮೇಲೆ ಹೋಗುವುದಿತ್ತು. ಅದನ್ನೂ ಹೇಳ್ತೀನಿ.

ಎರಡು ಕಿವಿ, ಎರಡು ಸ್ವರ

ಬೈನಾರಲ್ ಬೀಟ್ಸ್ ಅಂದರೆ ಮಾಯಮಂತ್ರ ಏನಲ್ಲ. ಎಡಗಿವಿಗೆ 200 ಹರ್ಟ್ಸ್‌ನ ಸ್ವರ, ಬಲಗಿವಿಗೆ 204 ಹರ್ಟ್ಸ್‌ನ ಸ್ವರ ಕೊಟ್ಟರೆ, ಸೆಕೆಂಡಿಗೆ ನಾಲ್ಕು ಸಲ ಏರಿಳಿಯುವ ಮಿಡಿತವೊಂದು ತಲೆಯೊಳಗೆ ಕೇಳಿದ ಹಾಗಾಗುತ್ತೆ. ಆ ಮಿಡಿತ ಹೊರಗಿನ ಗಾಳಿಯಲ್ಲಿ ಇಲ್ಲ. ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಪತ್ತೆಹಚ್ಚೋಕೆ ನಮ್ಮ ಮಿದುಳುಕಾಂಡದ ನರಕೋಶಗಳು ಎರಡು ಕಿವಿಗಳ ಅಲೆಗಳನ್ನು ಸದಾ ಹೋಲಿಸುತ್ತಿರುತ್ತವೆ. ಆ ಹೋಲಿಕೆಯ ಲೆಕ್ಕದಲ್ಲಿ ಹುಟ್ಟುವ ಮಿಡಿತ ಇದು. 19ನೇ ಶತಮಾನದಲ್ಲೇ ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ವಿಲ್ಹೆಲ್ಮ್ ಡೋವ್ ಇದನ್ನು ಗಮನಿಸಿದ್ದರು. 1973ರಲ್ಲಿ ಜೆರಾಲ್ಡ್ ಆಸ್ಟರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಹೆಚ್ಚು ಜನರಿಗೆ ಗೊತ್ತಾಯಿತು.

ಇದನ್ನು ಕೇಳೋಕೆ ಚಂದಾ ಕಟ್ಟಬೇಕಿಲ್ಲ. ಪೈಥಾನ್ ಗೊತ್ತಿದ್ದವರು ಒಂದು ನಿಮಿಷದ ಫೈಲನ್ನು ಮನೆಯಲ್ಲೇ ಮಾಡಬಹುದು:

```python
import numpy as np
from scipy.io import wavfile
sr = 44100
t = np.arange(sr * 60) / sr
L = 0.2 * np.sin(2 * np.pi * 200 * t)
R = 0.2 * np.sin(2 * np.pi * 204 * t)
x = np.column_stack([L, R])
wavfile.write("beat.wav", sr, (x * 32767).astype(np.int16))
```

ಎರಡೂ ಇಯರ್‌ಫೋನ್ ಹಾಕಿಕೊಂಡು ಕೇಳಿ. ವಾಲ್ಯೂಮ್ ಕಡಿಮೆ ಇರಲಿ. ಮೆಲ್ಲಗೆ ತೂಗುವ ಹಾಗೆ ಒಂದು ಅಲುಗಾಟ ಕೇಳುತ್ತೆ. ಈಗ ಒಂದು ಕಿವಿಯದನ್ನು ತೆಗೆಯಿರಿ. ಅಲುಗಾಟ ಅಲ್ಲೇ ಸತ್ತುಹೋಗಿ, ಬರೀ 'ಊಂ' ಅನ್ನೋ ಸಪಾಟು ಸ್ವರ ಉಳಿಯುತ್ತೆ. ಯಾವ ಆ್ಯಪ್ ಆದರೂ ಸರಿ, ನಿಜವಾದ ಬೈನಾರಲ್ ಬೀಟ್ ಹೌದೋ ಅಲ್ಲವೋ ಅಂತ ತಿಳಿಯೋಕೆ ಇಷ್ಟು ಸಾಕು. ಒಂದು ಕಿವಿಯಲ್ಲೂ ಮಿಡಿತ ಕೇಳ್ತಾ ಇದ್ದರೆ ಅದು ಬೈನಾರಲ್ ಅಲ್ಲ, ಶಬ್ದವನ್ನೇ ಏರಿಸಿ ಇಳಿಸಿ ರೆಕಾರ್ಡ್ ಮಾಡಿರೋದು.

ನಾನು ದುಡ್ಡು ಕೊಟ್ಟಿದ್ದ ಆ್ಯಪಿನ ಒಂದು ಟ್ರ್ಯಾಕಿಗೆ ಈ ಪರೀಕ್ಷೆ ಮಾಡಿದೆ. ಮಿಡಿತ ನಿಲ್ಲಲಿಲ್ಲ. ಅನುಮಾನ ಬಂದು ಫೋನಿನಲ್ಲಿ ಬರುತ್ತಿದ್ದದ್ದನ್ನು ರೆಕಾರ್ಡ್ ಮಾಡಿಕೊಂಡು ಆಡಾಸಿಟಿಯಲ್ಲಿ ತೆರೆದೆ. ಎಡ ಬಲ ಬೇರೆ ಮಾಡಿ, `Plot Spectrum`ನಲ್ಲಿ ಸೈಜ್ 65536 ಇಟ್ಟು ನೋಡಿದೆ. ಅಷ್ಟು ಇಟ್ಟರೆ ಹೆಚ್ಚುಕಡಿಮೆ 0.7 ಹರ್ಟ್ಸ್‌ನ ವ್ಯತ್ಯಾಸವೂ ಕಾಣುತ್ತೆ. ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಶಿಖರ! ಎಡ ಬಲಕ್ಕೆ ವ್ಯತ್ಯಾಸವೇ ಇಲ್ಲ. 'ಡೆಲ್ಟಾ ಬೈನಾರಲ್' ಅಂತ ಹೆಸರಿಟ್ಟು ತಂಬೂರಿಯಂಥ ಶಬ್ದಕ್ಕೆ ಏರಿಳಿತ ಕೊಟ್ಟಿದ್ದರು, ಅಷ್ಟೇ.

ಆ್ಯಪ್ ಸರಿ ಇದ್ದರೂ ನಾವು ಕೇಳುವ ರೀತಿಯಲ್ಲೇ ಅದು ಕೆಟ್ಟುಹೋಗಬಹುದು. ಮಗ್ಗುಲಾಗಿ ಮಲಗಿ ಒಂದೇ ಇಯರ್‌ಬಡ್ ಹಾಕಿದರೆ ಬೀಟ್ ಇಲ್ಲ. ಫೋನಿನ ಸ್ಪೀಕರಿನಲ್ಲಿ ಹಾಕಿದರೆ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ `Mono audio` ಆನ್ ಇದ್ದರೆ, ಎರಡು ಸ್ವರಗಳೂ ಕಿವಿ ಮುಟ್ಟುವ ಮೊದಲೇ ಬೆರೆತುಹೋಗುತ್ತವೆ. ಆಗಲೂ ಮಿಡಿತ ಕೇಳುತ್ತೆ, ಇನ್ನೂ ಜೋರಾಗಿಯೇ ಕೇಳುತ್ತೆ. ಆದರೆ ಅದು ಎರಡು ತಂತಿ ಸ್ವಲ್ಪ ಅಪಶ್ರುತಿಯಾದಾಗ ಕೇಳುವ ಸಾಮಾನ್ಯ ಮಿಡಿತ.

ಮಿದುಳು ತಾಳಕ್ಕೆ ಕುಣಿಯುತ್ತಾ?

ಜಾಹೀರಾತಿನ ಮಾತು ಹೀಗಿರುತ್ತೆ: ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆಯ ಡೆಲ್ಟಾ ಅಲೆಗಳಿರುತ್ತವೆ. ಹಾಗಾಗಿ ಕಿವಿಗೆ ಮೂರು ಹರ್ಟ್ಸ್ ಬೀಟ್ ಕೊಟ್ಟರೆ ಮಿದುಳೂ ಅದೇ ತಾಳಕ್ಕೆ ಬಂದು ನಿದ್ದೆ ಹೋಗುತ್ತೆ. ಮೊದಲ ವಾಕ್ಯ ನಿಜ. ಎರಡನೆಯದಕ್ಕೆ ಪುರಾವೆ ಗಟ್ಟಿಯಿಲ್ಲ. ಮಿದುಳಿನ ಅಲೆಗಳು ನಿಜಕ್ಕೂ ಬೀಟ್‌ಗೆ ಹೊಂದಿಕೊಳ್ಳುತ್ತವಾ ಅಂತ ಇಇಜಿ ಹಾಕಿ ನೋಡಿದ 14 ಅಧ್ಯಯನಗಳನ್ನು 2023ರಲ್ಲಿ ಒಂದು ತಂಡ ಒಟ್ಟಿಗೆ ಪರಿಶೀಲಿಸಿತು. ಐದು 'ಹೌದು' ಅಂದಿದ್ದವು, ಎಂಟು 'ಇಲ್ಲ' ಅಂದಿದ್ದವು, ಒಂದು ಎರಡೂ ಕಡೆ ವಾಲಿತ್ತು. ಗಾಢ ನಿದ್ದೆಯಲ್ಲಿ ಡೆಲ್ಟಾ ಬರುವುದು ಮಿದುಳು ಮಲಗಿದ್ದರಿಂದ. ಮಳೆ ಬಂದಾಗ ಜನ ಕೊಡೆ ಬಿಚ್ಚುತ್ತಾರೆ ಅಂತ, ಕೊಡೆ ಬಿಚ್ಚಿ ಮಳೆ ಕರೆಯೋಕಾಗುತ್ತಾ?

ಹಾಗಂತ ಪೂರ್ತಿ ಸುಳ್ಳು ಅಂತಲೂ ಹೇಳೋ ಹಾಗಿಲ್ಲ. ಆಪರೇಷನ್‌ಗೆ ಮೊದಲು ರೋಗಿಗಳಿಗೆ ಇದನ್ನು ಕೇಳಿಸಿದ 2005ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಬೀಟ್ ಕೇಳಿದವರ ಆತಂಕದ ಅಂಕ ಶೇಕಡಾ 26ರಷ್ಟು ಇಳಿಯಿತು. ಬೀಟ್ ಇಲ್ಲದ ಅದೇ ಸಂಗೀತ ಕೇಳಿದವರಲ್ಲಿ ಶೇಕಡಾ 11, ಏನೂ ಕೇಳದವರಲ್ಲಿ ಶೇಕಡಾ 4. ಅಂದರೆ ಗಾಬರಿ ಸ್ವಲ್ಪ ತಗ್ಗಬಹುದು. ನನಗೂ ಅಷ್ಟೇ ಆಗಿದ್ದು. ಕಾಲ್ ಮುಗಿದ ಮೇಲೆ ಹತ್ತು ನಿಮಿಷ ಕೇಳಿದರೆ ತಲೆಯೊಳಗಿನ ಗದ್ದಲ ಕಡಿಮೆಯಾಗುತ್ತಿತ್ತು. ಆದರೆ ಗದ್ದಲ ನಿಂತ ಮಾತ್ರಕ್ಕೆ ನಿದ್ದೆ ಬರುತ್ತಿರಲಿಲ್ಲ.

84 ಅಂಕದ ನಿದ್ದೆ

ಎರಡನೇ ಆ್ಯಪ್ ಫೋನನ್ನು ದಿಂಬಿನ ಪಕ್ಕ ಇಡೋಕೆ ಹೇಳುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಚೆಂದದ ಗ್ರಾಫ್: ಇಷ್ಟು ಗಾಢ ನಿದ್ದೆ, ಇಷ್ಟು ಹಗುರ ನಿದ್ದೆ, ಇಷ್ಟು ಕನಸಿನ ನಿದ್ದೆ, ಒಟ್ಟು ಸ್ಕೋರ್.

ನಿದ್ದೆಯ ಹಂತ ತಿಳಿಯೋಕೆ ಆಸ್ಪತ್ರೆಯಲ್ಲಿ ತಲೆಗೆ ಇಇಜಿ, ಕಣ್ಣಿನ ಪಕ್ಕ ಮತ್ತು ಗಲ್ಲಕ್ಕೆ ಎಲೆಕ್ಟ್ರೋಡ್, ಮೂಗಿಗೆ ಗಾಳಿಯ ಸೆನ್ಸರ್, ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕುತ್ತಾರೆ. ನನ್ನ ಫೋನಿನ ಹತ್ತಿರ ಇದ್ದದ್ದು ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್ ಮತ್ತು ಮೈಕ್. ಹಾಸಿಗೆ ಅಲುಗದಿದ್ದರೆ 'ನಿದ್ದೆ', ಅಲುಗಿದರೆ 'ಎಚ್ಚರ'. ಮಿಕ್ಕಿದ್ದೆಲ್ಲ ಅಂದಾಜು. ನಿದ್ದೆ ಬಾರದವನು ರಾತ್ರಿ ಏನು ಮಾಡ್ತಾನೆ ಹೇಳಿ? ಅಲುಗದೆ ಮಲಗಿ ಕಾಯ್ತಾನೆ. ಹಾಗಾಗಿ ಇಂಥ ಲೆಕ್ಕ ತಪ್ಪುವುದು ಹೆಚ್ಚಾಗಿ ನಿದ್ದೆ ಬಾರದವರ ವಿಷಯದಲ್ಲೇ. ವಾಚು ನಾಡಿಮಿಡಿತ ಸೇರಿಸಿಕೊಳ್ಳುವುದರಿಂದ ಅದರ ಅಂದಾಜು ಸ್ವಲ್ಪ ಮೇಲು. ಆದರೂ ಅದು ಮಿದುಳನ್ನು ನೋಡುತ್ತಿಲ್ಲ.

ಒಂದು ರಾತ್ರಿ ನಾನು ಒಂದೂವರೆವರೆಗೆ ಎಚ್ಚರವಿದ್ದದ್ದು ನನಗೇ ಗೊತ್ತು. ಆ್ಯಪ್ 84 ಕೊಟ್ಟಿತ್ತು. ಇನ್ನೊಂದು ದಿನ ಚೆನ್ನಾಗಿ ಮಲಗಿ ಎದ್ದೆ ಅಂದುಕೊಂಡರೆ 61. ಆ 61 ನೋಡಿದ ಮೇಲೆ ಇಡೀ ದಿನ ಸುಸ್ತು! ರಾತ್ರಿ ಮತ್ತೆ ಸ್ಕೋರಿನದೇ ಯೋಚನೆ, ಅದರಿಂದ ಮತ್ತೆ ನಿದ್ದೆ ಇಲ್ಲ. 2017ರಲ್ಲಿ ಅಮೆರಿಕದ ಕೆಲವು ನಿದ್ರಾ ತಜ್ಞರು ಇಂಥವರನ್ನು ಕಂಡು 'ಆರ್ಥೋಸೋಮ್ನಿಯಾ' ಅಂತ ಹೆಸರಿಟ್ಟರು. ನಿದ್ದೆಯ ಅಂಕ ಸರಿಮಾಡುವ ಹಟದಲ್ಲಿ ನಿದ್ದೆಯನ್ನೇ ಕಳೆದುಕೊಳ್ಳೋದು.

ನಿದ್ದೆ ಮಾಡಬೇಡಿ ಅನ್ನುವ ದನಿ

ಮೂರರಲ್ಲಿ ನನಗೆ ಹೆಚ್ಚು ಸಹಾಯವಾದದ್ದು ಯೋಗನಿದ್ರೆಯ ರೆಕಾರ್ಡಿಂಗ್. ಇವುಗಳಲ್ಲಿ ಬಹಳಷ್ಟು, ಬಿಹಾರದ ಮುಂಗೇರಿನ ಯೋಗಶಾಲೆಯ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮವನ್ನೇ ಅನುಸರಿಸುತ್ತವೆ. ಶವಾಸನದಲ್ಲಿ ಮಲಗಬೇಕು. ಬಲಗೈ ಹೆಬ್ಬೆರಳಿಂದ ಶುರುಮಾಡಿ ತೋರುಬೆರಳು, ಮಧ್ಯದ ಬೆರಳು, ಅಂಗೈ, ಮಣಿಕಟ್ಟು ಹೀಗೆ ದನಿ ಹೇಳಿದಲ್ಲಿಗೆ ಗಮನ ಹೋಗಬೇಕು. ಆಮೇಲೆ ಉಸಿರನ್ನು 27ರಿಂದ ಹಿಂದಕ್ಕೆ ಎಣಿಸೋದು. ಆಮೇಲೆ ಮೈ ಭಾರ ಅನಿಸೋದು, ಹಗುರ ಅನಿಸೋದು.

ಇದರಲ್ಲೊಂದು ತಮಾಷೆ ಇದೆ. ಆ ದನಿ ನಡುನಡುವೆ 'ನಿದ್ದೆ ಮಾಡಬೇಡಿ, ಎಚ್ಚರವಾಗಿರಿ' ಅನ್ನುತ್ತೆ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಅದೇ ಇರಬೇಕು. ನಿದ್ದೆ ಬರಲೇಬೇಕು ಅನ್ನೋ ಒತ್ತಾಯ ಹೋದರೆ, ಮೊಣಕಾಲು ದಾಟುವಷ್ಟರಲ್ಲಿ ಕಣ್ಣು ಮುಚ್ಚಿರುತ್ತಿತ್ತು. ತಲೆಗೆ ಸ್ಪ್ರಿಂಟ್, ಡೆಡ್‌ಲೈನ್ ಬಿಟ್ಟು ಹೆಬ್ಬೆರಳಿನ ಕೆಲಸ ಕೊಟ್ಟ ಹಾಗೆ.

ಕೈಕೊಟ್ಟದ್ದು ಬೇರೆ ಕಡೆ. ಒಂದು, ಮಧ್ಯರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಫೋನ್ ಬೇಕು. ಫೋನ್ ತೆಗೆದರೆ ಬೆಳಕು, ಬೆಳಕಿನ ಜತೆ ಆಫೀಸ್ ಮೆಸೇಜ್. ಎರಡು, ಒಂದು ರಾತ್ರಿ ನೆಟ್ ಹೋದಾಗ ಆ ದನಿಯಿಲ್ಲದೆ ಮಲಗೋಕೇ ಆಗಲಿಲ್ಲ. ಮೂರು, ಧ್ಯಾನ ನಿದ್ದೆಗೆ ಸಹಾಯಕ ಅಂತ ತೋರಿಸೋಕೆ ಆ್ಯಪಿನವರು ಹೇಳುವ ಅಧ್ಯಯನಗಳು ಎಷ್ಟೋ ಸಲ ಆ್ಯಪಿನ ಬಗ್ಗೆ ಆಗಿರುವುದೇ ಇಲ್ಲ. ಉದಾಹರಣೆಗೆ 2015ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಹೆಸರಾಂತ ಪ್ರಯೋಗದಲ್ಲಿ 49 ಹಿರಿಯರಿಗೆ ನಿದ್ದೆ ಸುಧಾರಿಸಿತ್ತು ನಿಜ. ಅವರು ಆರು ವಾರ, ವಾರಕ್ಕೆ ಎರಡು ಗಂಟೆ, ಗುರುಗಳ ಎದುರು ಕೂತು ಕಲಿತವರು, ಇಲ್ಲವೇ ನಿದ್ದೆಯ ಅಭ್ಯಾಸಗಳ ಪಾಠ ಕೇಳಿದವರು. ಧ್ಯಾನ ಕಲಿತ ಗುಂಪಿನದು ಹೆಚ್ಚು ಸುಧಾರಿಸಿತು. ಹತ್ತು ನಿಮಿಷದ ರೆಕಾರ್ಡಿಂಗಿಗೂ ಅಷ್ಟೇ ಫಲ ಅಂತ ಅದರಿಂದ ಹೇಳೋಕಾಗಲ್ಲ.

ಅಪ್ಪನ ಗೊರಕೆ

ಈಗ ಹೇಳಬೇಕಾದ ತಪ್ಪು. ಅಪ್ಪ ಶಿವಮೊಗ್ಗದಲ್ಲಿರೋದು, ನಿವೃತ್ತ ಮೇಷ್ಟ್ರು. 'ರಾತ್ರಿ ಮಲಗಿದರೂ ನಿದ್ದೆ ಆದ ಹಾಗಿಲ್ಲ ಮಾರಾಯ' ಅಂತ ಅಂದಿದ್ದರು. ದೊಡ್ಡ ತಿಳಿದವನ ಹಾಗೆ ಅವರ ಫೋನಿಗೂ ಆ್ಯಪ್ ಹಾಕಿ, ರಾತ್ರಿಯಿಡೀ ಓಡುವ ಮಳೆಯ ಶಬ್ದ ಇಟ್ಟುಕೊಟ್ಟೆ. ಸ್ಕೋರ್ ಚೆನ್ನಾಗಿಯೇ ಬರುತ್ತಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಹಾಕುತ್ತಿದ್ದರು ಕೂಡ.

ಯುಗಾದಿಗೆ ಊರಿಗೆ ಹೋದಾಗ ನೋಡಿದೆ. ಪೇಪರ್ ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದರು. ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕಣ್ಣು ಮುಚ್ಚಿಹೋಗಿತ್ತು ಅಂತ ಅವರೇ ನಗುತ್ತಾ ಹೇಳಿದರು. ಬಿಪಿ ಮಾತ್ರೆ ಎರಡಾಗಿತ್ತು. ಅಮ್ಮನನ್ನು ಕೇಳಿದೆ.

'ಗೊರಕೆ ಒಂದೇ ಸಮ ಬರಲ್ಲ ಕಣೋ. ಜೋರಾಗಿ ಬರ್ತಾ ಬರ್ತಾ ತಟ್ಟನೆ ನಿಂತುಹೋಗುತ್ತೆ. ಉಸಿರೇ ಇಲ್ಲ ಅನ್ನೋ ಹಾಗೆ. ಆಮೇಲೆ ಗಕ್ಕಂತ ಉಸಿರು ಎಳ್ಕೋತಾರೆ. ಮೊದಲು ಹೆದರಿಕೆಯಾಗಿ ಎಬ್ಬಿಸ್ತಿದ್ದೆ. ನೀನು ಆ ಮಳೆ ಹಾಕಿಕೊಟ್ಟ ಮೇಲೆ ಅಷ್ಟು ಕೇಳಿಸಲ್ಲ.'

ಆ ಕೊನೆಯ ಮಾತು ಇನ್ನೂ ಕಿವಿಯಲ್ಲಿದೆ. ಹೆಬ್ಬಾಗಿಲ ಅಲಾರಂ ಕರ್ಕಶವಾಗಿದೆ ಅಂತ ಅದರ ಮೇಲೆ ಕಂಬಳಿ ಹೊದಿಸಿದ ಹಾಗಾಗಿತ್ತು ನನ್ನ ಕೆಲಸ.

ವೈದ್ಯರು ಅಮ್ಮನ ವರ್ಣನೆ ಕೇಳಿದ ಕೂಡಲೇ ನಿದ್ದೆಯ ಪರೀಕ್ಷೆ ಮಾಡಿಸಿದರು. ಗಂಟೆಗೆ ಸರಾಸರಿ 38 ಸಲ ಉಸಿರು ನಿಲ್ಲುತ್ತಿತ್ತು ಇಲ್ಲವೇ ತೀರಾ ಕಡಿಮೆಯಾಗುತ್ತಿತ್ತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ಆಮ್ಲಜನಕ ಇಳಿಯುತ್ತೆ, ಮಿದುಳು ಕ್ಷಣಕಾಲ ಎಚ್ಚರಿಸಿ ಆ ದಾರಿ ತೆರೆಸುತ್ತೆ. ಬೆಳಗ್ಗೆ ಇದ್ಯಾವುದೂ ನೆನಪಿರಲ್ಲ. ದಾರಿ ಮುಚ್ಚಿಕೊಂಡಾಗ ಯಾವ ಬೀಟ್, ಯಾವ ಮಳೆ ತಾನೇ ಅದನ್ನು ತೆರೆಯಬಲ್ಲದು? ಈಗ ಅಪ್ಪ ಸಿಪ್ಯಾಪ್ ಮಾಸ್ಕ್ ಹಾಕಿಕೊಂಡು ಮಲಗ್ತಾರೆ. ಒತ್ತಡದ ಗಾಳಿ ಆ ದಾರಿಯನ್ನು ತೆರೆದೇ ಇಡುತ್ತೆ. ಮೊದಲ ಎರಡು ವಾರ ಮಾಸ್ಕಿಗೆ ಬೈದರು. ಮೂರನೇ ವಾರ ಪೇಪರನ್ನು ಕೊನೆಯ ಪುಟದವರೆಗೆ ಓದಿದರು.

ಆ್ಯಪ್ ಇಲ್ಲಿ ಉಪಯೋಗಕ್ಕೆ ಬರಬಹುದಿತ್ತು, ಬೇರೆ ರೀತಿಯಲ್ಲಿ. ಗೊರಕೆ ರೆಕಾರ್ಡ್ ಮಾಡುವ ಸೌಲಭ್ಯ ಅದರಲ್ಲೇ ಇತ್ತು. ಸ್ಕೋರ್ ನೋಡುವ ಬದಲು ಆ ಧ್ವನಿಯನ್ನು ವೈದ್ಯರಿಗೆ ಕೇಳಿಸಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಜೋರು ಗೊರಕೆ, ನಡುವೆ ಉಸಿರು ನಿಲ್ಲೋದು, ಹಗಲು ತೂಕಡಿಕೆ, ಬಿಪಿ ಒಟ್ಟಿಗೆ ಇದ್ದರೆ ಶಬ್ದ ಬದಲಿಸಬೇಡಿ, ಪರೀಕ್ಷೆ ಮಾಡಿಸಿ.

ಕೊನೆಗೆ ನನಗೆ ನಿದ್ದೆ ಬಂದದ್ದು

ಅಪ್ಪನ ಜತೆ ಹೋದಾಗಲೇ ನನ್ನ ವಿಷಯವನ್ನೂ ಕೇಳಿದೆ. ನನಗೆ ಗೊರಕೆ ಇಲ್ಲ. ವಾರಕ್ಕೆ ಕನಿಷ್ಠ ಮೂರು ರಾತ್ರಿ, ಕನಿಷ್ಠ ಮೂರು ತಿಂಗಳ ಕಾಲ ನಿದ್ದೆ ಬಾರದಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ ಅಂದರು. ಬೆಂಗಳೂರಲ್ಲಿ ಒಬ್ಬ ಮನಃಶಾಸ್ತ್ರಜ್ಞೆಯ ಹತ್ತಿರ ಸಿಬಿಟಿ-ಐ ಅನ್ನೋ ಕ್ರಮಕ್ಕೆ ಕಳಿಸಿದರು. ಇಂಥ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲೇ ಶಿಫಾರಸು ಮಾಡಿದೆ.

ಅವರು ಮೊದಲು ಮಾಡಿಸಿದ್ದು ಒಂದು ನೋಟ್‌ಬುಕ್ ಕೊಳ್ಳಿಸಿದ್ದು. ಎರಡು ವಾರ ಬೆಳಗ್ಗೆ ಅಂದಾಜಿನಲ್ಲಿ ಬರೆಯಬೇಕು: ಎಷ್ಟಕ್ಕೆ ಮಲಗಿದೆ, ಎಷ್ಟು ನಿದ್ದೆ ಆಯಿತು, ಎಷ್ಟಕ್ಕೆ ಎದ್ದೆ. ಆ್ಯಪ್ ನೋಡುವ ಹಾಗಿಲ್ಲ. ಲೆಕ್ಕ ಹೀಗೆ ಬಂತು: ಹಾಸಿಗೆಯಲ್ಲಿ ಹನ್ನೊಂದರಿಂದ ಏಳು, ಎಂಟು ಗಂಟೆ. ನಿದ್ದೆ ಸರಾಸರಿ ಐದೂಕಾಲು ಗಂಟೆ. ಅಂದರೆ ಶೇಕಡಾ 66. ಉಳಿದ ಎರಡೂಮುಕ್ಕಾಲು ಗಂಟೆ ಹಾಸಿಗೆಯಲ್ಲಿ ಎಚ್ಚರವಾಗಿರೋದನ್ನೇ ನಾನು ದಿನಾ ಅಭ್ಯಾಸ ಮಾಡುತ್ತಿದ್ದೆ.

ಪರಿಹಾರ ಕೇಳಿ ನಗು ಬಂತು. 'ರಾತ್ರಿ ಒಂದೂವರೆಗೆ ಮೊದಲು ಮಲಗಬೇಡಿ. ಏಳಕ್ಕೆ ಏಳಿ, ಭಾನುವಾರವೂ.' ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹಾಲಿನಲ್ಲಿ ಮಂದ ಬೆಳಕಿನಲ್ಲಿ ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್. ಹಗಲು ನಿದ್ದೆ ಇಲ್ಲ. ಮೊದಲ ವಾರ ನರಕ. ಮಧ್ಯಾಹ್ನದ ಮೀಟಿಂಗಿನಲ್ಲಿ ತಲೆ ಬೀಳುತ್ತಿತ್ತು, ಬೈಕ್ ಬಿಟ್ಟು ಮೆಟ್ರೋ ಹಿಡಿದೆ. ಆದರೆ ಒಂದೂವರೆಗೆ ಹಾಸಿಗೆ ಮುಟ್ಟಿದ ಕೂಡಲೇ ನಿದ್ದೆ. ಐದೂವರೆಯಲ್ಲಿ ಐದು ಗಂಟೆ, ಶೇಕಡಾ 91. ಶೇಕಡಾ 85 ದಾಟಿದ ವಾರ ಹದಿನೈದು ನಿಮಿಷ ಮೊದಲು ಮಲಗಬಹುದು, ದಾಟದಿದ್ದರೆ ಹಾಗೇ ಇರಬೇಕು. ಎಂಟು ವಾರದಲ್ಲಿ ಎರಡು ವಾರ ತಪ್ಪಿ, ಆರು ಸಲ ಬಡ್ತಿ ಸಿಕ್ಕಿ, ರಾತ್ರಿ ಹನ್ನೆರಡಕ್ಕೆ ಬಂದು ನಿಂತಿದ್ದೇನೆ. ಏಳು ಗಂಟೆಯಲ್ಲಿ ಆರೂಕಾಲು ಗಂಟೆ ನಿದ್ದೆ. ಇದನ್ನು ಸ್ವಂತ ಪ್ರಯೋಗ ಮಾಡಿಕೊಳ್ಳಬೇಡಿ. ಮೂರ್ಛೆ ಅಥವಾ ಬೈಪೋಲಾರ್ ತೊಂದರೆ ಇದ್ದವರಿಗೆ, ಗಾಡಿ ಓಡಿಸುವ ಕೆಲಸದವರಿಗೆ ನಿದ್ದೆ ಕಡಿತ ಅಪಾಯ. ತಿಳಿದವರ ಮೇಲ್ವಿಚಾರಣೆ ಬೇಕು.

ಸ್ಕೋರಿನ ಆ್ಯಪ್ ಅಳಿಸಿದೆ. ಬೀಟ್ಸ್ ಚಂದಾ ನಿಲ್ಲಿಸಿದೆ, ಆ ಪೈಥಾನ್ ಫೈಲ್ ಇನ್ನೂ ಇದೆ, ಸ್ನೇಹಿತರಿಗೆ ತೋರಿಸೋಕೆ. ಯೋಗನಿದ್ರೆ ಉಳಿಸಿಕೊಂಡಿದ್ದೇನೆ, ಹಾಸಿಗೆಯಲ್ಲಿ ಅಲ್ಲ, ಕಾಲ್ ಮುಗಿದ ಮೇಲೆ ಹಾಲಿನ ಚಾಪೆಯ ಮೇಲೆ. ಕ್ರಮ ಬಾಯಿಪಾಠ ಆಗಿದೆ, ಈಗ ಫೋನ್ ಬೇಡ. ಬಲಗೈ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು... ಮೊನ್ನೆ ಅಪ್ಪ ಬಂದಿದ್ದಾಗ ಪಕ್ಕದಲ್ಲೇ ಮಲಗಿದ್ದರು. ಮಾಸ್ಕಿನ ಸಣ್ಣ 'ಸುಯ್' ಬಿಟ್ಟರೆ ಬೇರೆ ಶಬ್ದವೇ ಇರಲಿಲ್ಲ. ಅಮ್ಮ ಮಾತ್ರ ರಾತ್ರಿ ಎರಡು ಸಲ ಎದ್ದು ಕಿವಿಗೊಟ್ಟು ಕೇಳಿ ಮಲಗಿದರಂತೆ.